ಪಿ, ಐ, ಡಿ ಒಂದರೊಳಗೊಂದು ಬೆರೆಯದಂತೆ ಟ್ಯೂನಿಂಗ್ ಕೈಪಿಡಿ ಕನ್ನಡದಲ್ಲಿ ಬರೆಯುವುದು

ಪ್ರಶ್ನೆ: ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಸೂಪರ್‌ವೈಸರ್ ಆಗಿದ್ದೇನೆ. ಪಿಐಡಿ ಟ್ಯೂನಿಂಗ್ ಗೈಡ್ ಒಂದನ್ನು ನಮ್ಮ ಟೆಕ್ನಿಷಿಯನ್‌ಗಳಿಗಾಗಿ ಕನ್ನಡಕ್ಕೆ ಮಾಡುತ್ತಿದ್ದೇನೆ. ಅನುಪಾತ, ಅನುಕಲನ, ಅವಕಲನ ಎಂದು ಬರೆದರೆ ಒಂದನ್ನು ಇನ್ನೊಂದು ಎಂದು ಓದುತ್ತಾರೆ. ಇಂಗ್ಲಿಷ್ ಹೆಸರನ್ನೇ ಇಟ್ಟರೂ ಯಾವುದು ಏನು ಮಾಡುತ್ತದೆ ಅನ್ನುವುದು ಕಲಸಿಹೋಗುತ್ತದೆ. ಮೊನ್ನೆ ಒಬ್ಬ ಹುಡುಗ, "ಸರ್, ಇಂಟಿಗ್ರಲ್ ಹೆಚ್ಚ ಮಾಡ್ರಿ ಅಂತ ಬರದೀರಿ. ನಂಬರ್ ಏರಸಬೇಕೋ ಇಳಸಬೇಕೋ?" ಅಂತ ಕೇಳಿದ. ಹೇಗೆ ಬರೆಯಲಿ?

ಉತ್ತರ: ನಿಮ್ಮ ಹುಡುಗ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾನೆ. ಹೆಸರಿನ ತೊಂದರೆ ಸಣ್ಣದು, ಬೇಗ ಮುಗಿಯುತ್ತದೆ. ದೊಡ್ಡ ತೊಂದರೆ ಇರುವುದು ವಾಕ್ಯಗಳಲ್ಲಿ.

ಹೆಸರಿನ ವಿಷಯ ಮೊದಲು ಮುಗಿಸೋಣ. ನೀವು ಬಳಸಿದ ಮೂರು ಗಣಿತದ ಪದಗಳಲ್ಲಿ ಎರಡು 'ಅನು' ಎಂದು ಶುರುವಾಗುತ್ತವೆ, ಎರಡು 'ಕಲನ' ಎಂದು ಮುಗಿಯುತ್ತವೆ. ಪ್ಯಾನೆಲ್ ಬಾಗಿಲಿಗೆ ಅಂಟಿಸಿದ ಹಾಳೆಯನ್ನು ರಾತ್ರಿ ಪಾಳಿಯಲ್ಲಿ ನಿಂತುಕೊಂಡೇ ಓದುವವನಿಗೆ ಅವು ಬೇರೆ ಬೇರೆಯಾಗಿ ಕಾಣುವುದಿಲ್ಲ. ಕಂಟ್ರೋಲರ್ ಪರದೆಯ ಮೇಲೆ ಅವನಿಗೆ ಕಾಣುವುದು P, I, D ಅಥವಾ Pb, ti, td. ಹಾಗಾಗಿ ಪಿ, ಐ, ಡಿ ಎಂದೇ ಬರೆಯಿರಿ. ಗಣಿತದ ಪದಗಳನ್ನು ಮುನ್ನುಡಿಯಲ್ಲಿ ಒಮ್ಮೆ ಕೊಟ್ಟರೆ ಸಾಕು.

ಆದರೆ ಅಕ್ಷರ ಬೇರೆಯಾದ ಮಾತ್ರಕ್ಕೆ ಅರ್ಥ ಬೇರೆಯಾಗುವುದಿಲ್ಲ. ಹೆಚ್ಚಿನ ಗೈಡ್‌ಗಳು ಮೂರಕ್ಕೂ ಒಂದೇ ಕ್ರಿಯಾಪದ ಬಳಸುತ್ತವೆ: ಪಿ ದೋಷವನ್ನು ಸರಿಪಡಿಸುತ್ತದೆ, ಐ ದೋಷವನ್ನು ಸರಿಪಡಿಸುತ್ತದೆ, ಡಿ ದೋಷವನ್ನು ಸರಿಪಡಿಸುತ್ತದೆ. ಹೀಗೆ ಓದಿದವನಿಗೆ ಮೂರೂ ಒಂದೇ ಅನ್ನಿಸುವುದು ಸಹಜ. ಮೂರೂ ನೋಡುವುದು ಬೇರೆ ಬೇರೆ ಸಂಗತಿಗಳನ್ನು. ನಮಗೆ ಬೇಕಾದ ಮಟ್ಟವಾದ ಸೆಟ್ ಪಾಯಿಂಟಿಗೂ ಈಗ ಅಳತೆಯಲ್ಲಿ ಕಾಣುತ್ತಿರುವ ಪಿವಿಗೂ ಈ ಕ್ಷಣ ಎಷ್ಟು ಅಂತರವಿದೆ ಎಂಬುದನ್ನು ಪಿ ನೋಡುತ್ತದೆ. ಆ ಅಂತರ ಎಷ್ಟು ಹೊತ್ತಿನಿಂದ ಉಳಿದಿದೆ ಎಂಬುದನ್ನು ಐ ನೋಡುತ್ತದೆ. ಪಿವಿ ಯಾವ ಕಡೆಗೆ, ಎಷ್ಟು ವೇಗದಲ್ಲಿ ಹೊರಟಿದೆ ಎಂಬುದನ್ನು ಮಾತ್ರ ಡಿ ನೋಡುತ್ತದೆ. ಅಂತರ ಎಷ್ಟಿದ್ದರೂ ಡಿಗೆ ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಒಂದೊಂದಕ್ಕೂ ಅದರದೇ ಕ್ರಿಯಾಪದ ಕೊಡಿ, ಕೈಪಿಡಿಯ ಕೊನೆಯ ಪುಟದವರೆಗೂ ಅದನ್ನು ಬದಲಿಸಬೇಡಿ. ಪಿ 'ತಕ್ಕಷ್ಟು ಕೊಡುತ್ತದೆ', ಐ 'ಕೂಡಿಸುತ್ತಾ ಹೋಗುತ್ತದೆ', ಡಿ 'ಚಲನೆಗೆ ಎದುರು ನಿಲ್ಲುತ್ತದೆ'. ಕೈಪಿಡಿಯಲ್ಲಿ ಎಲ್ಲೇ 'ಕೂಡಿಸು' ಎಂದು ಕಂಡರೂ ಅದು ಐ ಬಗ್ಗೆಯೇ ಇರಬೇಕು.

ವ್ಯಾಖ್ಯಾನ ಅಲ್ಲಿಗೆ ನಿಲ್ಲಲಿ. ಮುಂದಿನ ಪುಟದಲ್ಲಿ ಒಂದೇ ಲೂಪ್ ತೆಗೆದುಕೊಂಡು ಮೂರು ಕ್ಷಣಗಳನ್ನು ತೋರಿಸಿ, ಪ್ರತಿ ಕ್ಷಣದಲ್ಲೂ ಒಂದೊಂದೇ ಕ್ರಿಯೆ ಎದ್ದು ಕಾಣುವ ಹಾಗೆ. ಬಿಸಿನೀರಿನ ಟ್ಯಾಂಕ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ನಮ್ಮ ಕಡೆ ಸ್ಟೀಮ್ ಲೈನ್ ಇರುವ ಘಟಕಗಳಲ್ಲಿ ಅದನ್ನು ನೋಡದ ಟೆಕ್ನಿಷಿಯನ್ ಸಿಗುವುದು ಕಷ್ಟ. ಟ್ರಾನ್ಸ್‌ಮಿಟರ್ ರೇಂಜ್ 0ರಿಂದ 200 ಡಿಗ್ರಿ ಸೆಲ್ಸಿಯಸ್, ಸೆಟ್ ಪಾಯಿಂಟ್ 80 ಡಿಗ್ರಿ ಇರಲಿ. ಔಟ್‌ಪುಟ್ ಸ್ಟೀಮ್ ಕಂಟ್ರೋಲ್ ವಾಲ್ವ್‌ಗೆ ಹೋಗುತ್ತದೆ. ಸಾಮಾನ್ಯ ಬಳಕೆಯಲ್ಲಿ ವಾಲ್ವ್ ಶೇ. 50 ತೆರೆದಿದ್ದರೆ ನೀರು 80ರಲ್ಲೇ ನಿಲ್ಲುತ್ತದೆ. ಸೆಟ್ಟಿಂಗ್ ಹೀಗಿದೆ ಎಂದುಕೊಳ್ಳಿ:

```
Pb   5.0
ti   120
td    30
```

Pb ಎಂದರೆ ಪಿಯ ಬ್ಯಾಂಡ್, ಶೇಕಡಾದಲ್ಲಿ. ti ಐ ಸಮಯ, td ಡಿ ಸಮಯ, ಎರಡೂ ಸೆಕೆಂಡಿನಲ್ಲಿ. 200 ಡಿಗ್ರಿಯ ಶೇ. 5 ಅಂದರೆ 10 ಡಿಗ್ರಿ. ಅಂದರೆ 10 ಡಿಗ್ರಿ ಅಂತರಕ್ಕೆ ಪಿ ವಾಲ್ವನ್ನು ಪೂರ್ತಿ ನೂರು ಶೇಕಡಾ ಸರಿಸುತ್ತದೆ, ಒಂದು ಡಿಗ್ರಿಗೆ ಶೇ. 10. ಈ ಒಂದು ಸಂಖ್ಯೆಯನ್ನು ಹುಡುಗರು ಬಾಯಿಪಾಠ ಮಾಡಿಕೊಳ್ಳಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮೊದಲ ಕ್ಷಣ. ಉತ್ಪಾದನೆಯವರು ಇದ್ದಕ್ಕಿದ್ದಂತೆ ಹೆಚ್ಚು ಬಿಸಿನೀರು ಎಳೆಯತೊಡಗಿದರು, ಟ್ಯಾಂಕಿಗೆ ತಣ್ಣೀರು ಬಂತು. ಪಿವಿ ನಿಮಿಷಕ್ಕೆ 1.2 ಡಿಗ್ರಿಯಂತೆ ಇಳಿಯುತ್ತಿದೆ, ಈಗಷ್ಟೇ 79.5 ಮುಟ್ಟಿದೆ. ಅಂತರ ಅರ್ಧ ಡಿಗ್ರಿ, ಆದ್ದರಿಂದ ಪಿ ಕೊಡುವುದು ಶೇ. 5. ಡಿ ಏನು ಮಾಡುತ್ತದೆ? ಇದೇ ವೇಗದಲ್ಲಿ ಹೋದರೆ ಇನ್ನು 30 ಸೆಕೆಂಡಿನಲ್ಲಿ ಪಿವಿ ಮತ್ತೆ 0.6 ಡಿಗ್ರಿ ಇಳಿಯುತ್ತದೆ, ಆಗ ಪಿ ಇನ್ನೂ ಶೇ. 6 ಕೊಡಬೇಕಾಗುತ್ತಿತ್ತು. ಆ ಶೇ. 6ನ್ನು ಡಿ ಈಗಲೇ ಕೊಟ್ಟುಬಿಡುತ್ತದೆ. ಡಿ ಸಮಯ ಎಂದರೆ ಇಷ್ಟೇ: ಪಿ ಎಷ್ಟು ಸೆಕೆಂಡಿನ ನಂತರ ಕೊಡಲಿದ್ದುದನ್ನು ಡಿ ಈಗ ಕೊಡುತ್ತದೆ ಎಂಬುದು. ಅಂತರ ಇನ್ನೂ ಸಣ್ಣದಾಗಿರುವ ಈ ಕ್ಷಣದಲ್ಲಿ ಡಿ ಪಾಲು ಪಿ ಪಾಲಿಗಿಂತ ಹೆಚ್ಚು.

ಎರಡನೆಯ ಕ್ಷಣಕ್ಕೆ, ಅರ್ಥವಾಗಲೆಂದು, ಐಯನ್ನು ಆಫ್ ಮಾಡಿಡಿ. ಹೊಸ ಬಳಕೆಗೆ ವಾಲ್ವ್ ಶೇ. 70 ತೆರೆದಿರಬೇಕು. ಮೊದಲಿನ 50ರ ಮೇಲೆ ಇನ್ನೂ 20 ಬೇಕು. ಅದನ್ನು ಪಿ ಕೊಡಬೇಕಾದರೆ 2 ಡಿಗ್ರಿ ಅಂತರ ಇರಲೇಬೇಕು. ಹಾಗಾಗಿ ಪಿವಿ 78ಕ್ಕೆ ಬಂದು ನಿಂತುಬಿಡುತ್ತದೆ. ಡಿ ಈಗ ಸೊನ್ನೆ, ಏಕೆಂದರೆ ಏನೂ ಚಲಿಸುತ್ತಿಲ್ಲ. ಎರಡು ಡಿಗ್ರಿ ಕಡಿಮೆ ಇದ್ದರೂ ಡಿಗೆ ಅದು ಕಾಣುವುದೇ ಇಲ್ಲ. Pb 2.5ಕ್ಕೆ ಇಳಿಸಿದರೆ ಅಂತರ 1 ಡಿಗ್ರಿಗೆ ಬರುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ಈ ಉಳಿಕೆಗೆ ಇಂಗ್ಲಿಷ್ ಗೈಡ್‌ಗಳಲ್ಲಿ ಆಫ್‌ಸೆಟ್ ಎಂದಿರುತ್ತದೆ. ಅದನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ನಿಮ್ಮ ಹುಡುಗರಿಗೆ ಆಫ್‌ಸೆಟ್ ಎಂದರೆ ಸೆನ್ಸರ್ ತಪ್ಪು ತೋರಿಸಿದಾಗ ಮೆನುವಿನಲ್ಲಿ ಹಾಕುವ ತಿದ್ದುಪಡಿ. '2 ಡಿಗ್ರಿ ಆಫ್‌ಸೆಟ್ ಇದೆ' ಎಂದು ಓದಿದವನು ಇನ್‌ಪುಟ್‌ಗೆ 2 ಸೇರಿಸಿ ಡಿಸ್‌ಪ್ಲೇ ಸರಿ ಮಾಡಿಬಿಡುತ್ತಾನೆ. ಡಿಸ್‌ಪ್ಲೇ ಆ ಕ್ಷಣಕ್ಕೆ 80 ತೋರಿಸುತ್ತದೆ, ನೀರು ಮಾತ್ರ ಅಷ್ಟು ಬಿಸಿ ಇರುವುದಿಲ್ಲ. 'ಉಳಿದುಹೋದ ಅಂತರ' ಎಂದು ಬರೆಯಿರಿ.

ಮೂರನೆಯ ಕ್ಷಣದಲ್ಲಿ ಐ ಆನ್. 2 ಡಿಗ್ರಿ ಅಂತರಕ್ಕೆ ಪಿ ಶೇ. 20 ಕೊಟ್ಟಿದೆ. ಆ ಅಂತರ ಹಾಗೆಯೇ ಉಳಿದರೆ, 120 ಸೆಕೆಂಡಿನಲ್ಲಿ ಐ ಇನ್ನೊಂದು 20 ಕೂಡಿಸುತ್ತದೆ, ಮತ್ತೆ 120 ಸೆಕೆಂಡಿನಲ್ಲಿ ಮತ್ತೊಂದು 20. ಐ ಸಮಯ ಎಂದರೆ ಪಿ ಒಮ್ಮೆಗೇ ಕೊಟ್ಟಷ್ಟನ್ನು ಮತ್ತೊಮ್ಮೆ ಕೂಡಿಸಲು ಐಗೆ ಬೇಕಾಗುವ ಹೊತ್ತು. ನಿಜವಾದ ಟ್ಯಾಂಕಿನಲ್ಲಿ ಪಿವಿ ಏರುತ್ತಾ ಬರುವುದರಿಂದ ಅಂತರ ಕಡಿಮೆಯಾಗಿ ಕೂಡಿಕೆಯೂ ನಿಧಾನವಾಗುತ್ತದೆ, ಕೊನೆಗೆ ಪಿವಿ 80ರಲ್ಲಿ ನಿಲ್ಲುತ್ತದೆ. ಈಗ ಲೆಕ್ಕ ನೋಡಿ. ಅಂತರವಿಲ್ಲ, ಪಿ ಸೊನ್ನೆ. ಚಲನೆಯಿಲ್ಲ, ಡಿ ಸೊನ್ನೆ. ವಾಲ್ವ್ ಶೇ. 70 ತೆರೆದಿರುವುದು ಪೂರ್ತಿ ಐ ಹಿಡಿದಿಟ್ಟುಕೊಂಡ ಬಲದಿಂದ. ಅಂತರ ಹೋದ ಮೇಲೂ ಉಳಿಯುವುದು ಐ ಒಂದೇ. ಇದನ್ನು ಒಮ್ಮೆ ಕಣ್ಣಾರೆ ಕಂಡವನು ಐಯನ್ನು ಪಿ ಜೊತೆ ಮತ್ತೆ ಕಲಸುವುದಿಲ್ಲ.

ಇನ್ನು ಏರಿಸುವ ಇಳಿಸುವ ವಿಷಯ. 'ಐ ಹೆಚ್ಚಿಸಿ' ಎಂಬ ವಾಕ್ಯಕ್ಕೆ ಎರಡು ಅರ್ಥ: ಐ ಕೆಲಸ ಜೋರಾಗಲಿ ಎಂಬುದೊಂದು, ಪರದೆಯ ಸಂಖ್ಯೆ ದೊಡ್ಡದಾಗಲಿ ಎಂಬುದೊಂದು. ಮೇಲಿನ ಕಂಟ್ರೋಲರ್‌ನಲ್ಲಿ ಇವೆರಡೂ ಒಂದಕ್ಕೊಂದು ವಿರುದ್ಧ. ti 120ರಿಂದ 240 ಮಾಡಿದರೆ ಅಷ್ಟೇ 20ನ್ನು ಕೂಡಿಸಲು ಇಮ್ಮಡಿ ಹೊತ್ತು ಬೇಕು, ಐ ಮೆದುವಾಯಿತು. Pb 5ರಿಂದ 10 ಮಾಡಿದರೂ ಹಾಗೆಯೇ, ಪಿ ಮೆದುವಾಗುತ್ತದೆ. td ಮಾತ್ರ ಉಲ್ಟಾ: ಸಂಖ್ಯೆ ಏರಿದರೆ ಡಿ ಜೋರು. ಪಕ್ಕದ ಪ್ಯಾನೆಲ್‌ನಲ್ಲಿ ಬೇರೆ ಕಂಪನಿಯ ಕಂಟ್ರೋಲರ್ ಇದ್ದು ಅದು ಪಿಯನ್ನು ಬ್ಯಾಂಡ್ ಬದಲು ಗೇನ್ ಆಗಿ, ಐಯನ್ನು ನಿಮಿಷಕ್ಕೆ ಎಷ್ಟು ಸಲ ಎಂಬ ಲೆಕ್ಕದಲ್ಲಿ ಕೇಳುತ್ತಿದ್ದರೆ, ಅಲ್ಲಿ ಸಂಖ್ಯೆ ಏರಿಸಿದರೆ ಮೂರೂ ಜೋರಾಗುತ್ತವೆ.

ಆದ್ದರಿಂದ ನಿಮ್ಮ ಕೈಪಿಡಿಯಲ್ಲಿ 'ಹೆಚ್ಚಿಸಿ', 'ಕಡಿಮೆ ಮಾಡಿ' ಎಂಬ ಮಾತುಗಳನ್ನು ಪಿ, ಐ, ಡಿ ಅಕ್ಷರಗಳ ಮುಂದೆ ಬರೆಯಲೇಬೇಡಿ. ಕ್ರಿಯೆಗೆ 'ಜೋರು', 'ಮೆದು' ಎನ್ನಿ. ಸಂಖ್ಯೆಗೆ 'ಏರಿಸಿ', 'ಇಳಿಸಿ' ಎನ್ನಿ. ಎರಡನ್ನೂ ಒಂದೇ ವಾಕ್ಯದಲ್ಲಿ ಕೊಡಿ: 'ಐ ಮೆದುವಾಗಬೇಕು, ti ಸಂಖ್ಯೆಯನ್ನು 120ರಿಂದ 180ಕ್ಕೆ ಏರಿಸಿ.' ವಾಕ್ಯ ಉದ್ದವಾಗುತ್ತದೆ, ಆಗಲಿ. ಇನ್ನೂ ಒಂದು ಸಾಲು ಸೇರಿಸಲೇಬೇಕು: ಹಲವು ಕಂಟ್ರೋಲರ್‌ಗಳಲ್ಲಿ ti ಇಳಿಸುತ್ತಾ ಹೋದಂತೆ ಐ ಜೋರಾಗುತ್ತಾ ಹೋಗಿ, 0 ಹಾಕಿದ ಕೂಡಲೇ ಪೂರ್ತಿ ಆಫ್ ಆಗುತ್ತದೆ. ಗೊತ್ತಿಲ್ಲದವನಿಗೆ ಇದು ಊಹೆಗೆ ಸಿಗುವ ಸಂಗತಿಯಲ್ಲ.

ಹಳೆಯ ಅಮೆರಿಕನ್ ಮೂಲದ ಗೈಡ್ ಹಿಡಿದುಕೊಂಡಿದ್ದರೆ ಎರಡು ಪದಗಳ ಮೇಲೆ ಕಣ್ಣಿಡಿ. ಐಗೆ ಅಲ್ಲಿ ರೀಸೆಟ್ ಎನ್ನುತ್ತಾರೆ, ಡಿಗೆ ರೇಟ್ ಎನ್ನುತ್ತಾರೆ. ಪಿ ಮಾತ್ರ ಇದ್ದ ಕಂಟ್ರೋಲರ್‌ಗಳಲ್ಲಿ ಉಳಿದುಹೋದ ಅಂತರವನ್ನು ಆಪರೇಟರ್ ಕೈಯಿಂದಲೇ ತೆಗೆಯಬೇಕಿತ್ತು, ಅದು ಮ್ಯಾನುಯಲ್ ರೀಸೆಟ್. ಆ ಕೆಲಸವನ್ನು ತಾನೇ ಮಾಡುವ ಕ್ರಿಯೆ ಬಂದಾಗ ಅದಕ್ಕೆ ಆಟೊಮ್ಯಾಟಿಕ್ ರೀಸೆಟ್ ಎಂಬ ಹೆಸರು ಬಂತು. 1942ರಲ್ಲಿ ಝೀಗ್ಲರ್ ಮತ್ತು ನಿಕೋಲ್ಸ್ ತಮ್ಮ ಪ್ರಸಿದ್ಧ ಟ್ಯೂನಿಂಗ್ ವಿಧಾನ ಪ್ರಕಟಿಸಿದಾಗಲೂ ಇದೇ ಹೆಸರು ಬಳಸಿದ್ದರು. ಈಗ ತೊಂದರೆ ಏನೆಂದರೆ, 'ರೀಸೆಟ್ ರೇಟ್' ಎಂದರೆ ಐ, ಬರೀ 'ರೇಟ್' ಎಂದರೆ ಡಿ. ಎರಡಕ್ಕೂ 'ದರ' ಎಂದು ಬರೆದುಬಿಟ್ಟರೆ ಐ ಮತ್ತು ಡಿ ಒಂದೇ ಆಗಿಹೋಗುತ್ತವೆ. ಮ್ಯಾನುಯಲ್ ರೀಸೆಟ್ ಅಂತೂ ಐ ಅಲ್ಲವೇ ಅಲ್ಲ, ಪಿ ಜೊತೆ ಸೇರುವ ಸ್ಥಿರ ಔಟ್‌ಪುಟ್, ನಮ್ಮ ಟ್ಯಾಂಕಿನ ಆ ಶೇ. 50. ರೀಸೆಟ್ ಎಂಬ ಪದ ಮೂಲದಲ್ಲಿ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಇದು ಐಯೋ, ಸ್ಥಿರ ಔಟ್‌ಪುಟ್ಟೋ, ಅಲಾರಂ ರೀಸೆಟ್ ಬಟನ್ನೋ ಎಂದು ನೋಡಿ ಬೇರೆ ಬೇರೆ ಬರೆಯಿರಿ. ಯೂನಿಟ್ಟನ್ನೂ ನೀವೇ ಪರಿವರ್ತಿಸಿ ಕೊಡಿ. ಮೂಲದಲ್ಲಿ ನಿಮಿಷಕ್ಕೆ 0.5 ಸಲ ಎಂದಿದ್ದರೆ ಅದು ಒಂದು ಸಲಕ್ಕೆ 2 ನಿಮಿಷ, ಅಂದರೆ 120 ಸೆಕೆಂಡು. ಅದನ್ನೇ 0.5 ನಿಮಿಷ ಎಂದು ಓದಿ 30 ಹಾಕಿದರೆ ಐ ನಾಲ್ಕು ಪಟ್ಟು ಜೋರಾಗುತ್ತದೆ, ಟ್ಯಾಂಕ್ ಏರಿಳಿಯತೊಡಗುತ್ತದೆ.

ಝೀಗ್ಲರ್–ನಿಕೋಲ್ಸ್ ಕೋಷ್ಟಕ ನಿಮ್ಮ ಗೈಡ್‌ನಲ್ಲಿ ಇದ್ದೇ ಇರುತ್ತದೆ. ಅದು ಗೇನ್ ಲೆಕ್ಕದಲ್ಲಿರುತ್ತದೆ: ಪಿ ಮಾತ್ರ ಬಳಸುವುದಾದರೆ, ಲೂಪ್ ಒಂದೇ ಎತ್ತರದಲ್ಲಿ ಏರಿಳಿಯುತ್ತಾ ನಿಲ್ಲುವ ಗೇನ್ ಕಂಡುಹಿಡಿದು ಅದರ ಅರ್ಧ ಇಡಿ ಎನ್ನುತ್ತದೆ. ನಿಮ್ಮ ಕಂಟ್ರೋಲರ್ ಬ್ಯಾಂಡ್ ಕೇಳುವಂಥದ್ದು, ಗೇನ್ ಅರ್ಧವಾದರೆ ಬ್ಯಾಂಡ್ ಇಮ್ಮಡಿ. Pb 4ರಲ್ಲಿ ಲೂಪ್ ಹಾಗೆ ಏರಿಳಿದರೆ ಇಡಬೇಕಾದದ್ದು 8. 'ಅರ್ಧ ಮಾಡಿ' ಎಂದು ಓದಿ 2 ಇಟ್ಟರೆ ಏರಿಳಿತ ಪ್ರತಿ ಸುತ್ತಿಗೂ ದೊಡ್ಡದಾಗುತ್ತಾ ಹೋಗಿ ವಾಲ್ವ್ ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು ಶುರುವಾಗುತ್ತದೆ. ಕೋಷ್ಟಕವನ್ನು ನಿಮ್ಮ ಪ್ಲಾಂಟಿನಲ್ಲಿರುವ ಕಂಟ್ರೋಲರ್ ಕೇಳುವ ಸಂಖ್ಯೆಗೇ ತಿರುಗಿಸಿ ಬರೆಯಿರಿ.

ಮೂರೂ ಬೆರೆಯಲು ಇನ್ನೊಂದು ನಿಜವಾದ ಕಾರಣವಿದೆ, ಅದು ಭಾಷೆಯದಲ್ಲ. ಹೆಚ್ಚಿನ ಕಂಟ್ರೋಲರ್‌ಗಳ ಒಳಗೆ ಪಿ ಗೇನ್ ಮೂರಕ್ಕೂ ಗುಣಿಸಿಕೊಳ್ಳುತ್ತದೆ:

```
u = Kc * ( e + (1/Ti) * ∫e dt + Td * de/dt )
```

Kc ಎಂದರೆ 100 ಭಾಗಿಸು Pb. Pbಯನ್ನು 5ರಿಂದ 10 ಮಾಡಿದ ಕೂಡಲೇ, ti ಮುಟ್ಟದಿದ್ದರೂ, 2 ಡಿಗ್ರಿ ಅಂತರಕ್ಕೆ 120 ಸೆಕೆಂಡಿನಲ್ಲಿ ಐ ಕೂಡಿಸುವುದು 20 ಅಲ್ಲ, 10. ಪಿವಿ ಸೆಟ್ ಪಾಯಿಂಟಿಗೆ ಮರಳುವುದು ತಡವಾಯಿತು, ಐ ಕೆಟ್ಟಿದೆ ಎಂದುಕೊಂಡು ಹುಡುಗ ti ಇಳಿಸಲು ಹೋಗುತ್ತಾನೆ. ಸೂತ್ರವನ್ನು ಕೈಪಿಡಿಯಲ್ಲಿ ಹಾಕಬೇಕೆಂದಿಲ್ಲ, ಆದರೆ 'Pb ಬದಲಿಸಿದರೆ ಐ, ಡಿ ಬಲವೂ ಅಷ್ಟೇ ಪಟ್ಟು ಬದಲಾಗುತ್ತದೆ' ಎಂಬ ಸಾಲು ಬೇಕೇ ಬೇಕು. ಮೂರನ್ನೂ ಪ್ರತ್ಯೇಕವಾಗಿ ಇಡುವ ಕಂಟ್ರೋಲರ್‌ಗಳೂ ಇವೆ, ನಿಮ್ಮದು ಯಾವುದು ಎಂದು ಅದರ ಮ್ಯಾನುಯಲ್ ನೋಡಿ ಬರೆಯಿರಿ.

ಲಕ್ಷಣಗಳ ಅಧ್ಯಾಯದಲ್ಲಿ 'ಆಂದೋಲನ' ಎಂಬ ಒಂದೇ ಪದದಲ್ಲಿ ಎಲ್ಲ ಏರಿಳಿತವನ್ನೂ ಮುಗಿಸಬೇಡಿ. ಟ್ರೆಂಡ್ ನೋಡಿ ಯಾರಿಂದ ಎಂದು ಹೇಳಲು ಬರುತ್ತದೆ, ಅದೂ ಮೇಲಿನ ಮೂರು ಕ್ಷಣಗಳ ತರ್ಕದಿಂದಲೇ. ಪಿವಿ ಅತಿ ಕೆಳಗೆ ಇಳಿದ ಹೊತ್ತಿಗೇ ಔಟ್‌ಪುಟ್ ಅತಿ ಮೇಲಿದ್ದರೆ ಪಿ ಜೋರಾಗಿದೆ, ಏಕೆಂದರೆ ಅಂತರ ಅತಿ ಹೆಚ್ಚಿರುವುದು ಆಗಲೇ. ಪಿವಿ ತಿರುಗಿ ಮೇಲೆ ಬಂದು ಸೆಟ್ ಪಾಯಿಂಟ್ ದಾಟುವ ಹೊತ್ತಿಗೆ ಔಟ್‌ಪುಟ್ ತುತ್ತತುದಿಗೆ ಬರುತ್ತಿದ್ದರೆ ಐ ಜೋರಾಗಿದೆ, ಅಂತರ ಮುಗಿಯುವವರೆಗೂ ಅದು ಕೂಡಿಸುತ್ತಲೇ ಇತ್ತು. ಈ ಏರಿಳಿತ ಸಾಮಾನ್ಯವಾಗಿ ನಿಧಾನದ್ದು. ಪಿವಿ ಬಹುತೇಕ ಶಾಂತವಾಗಿದ್ದು ಔಟ್‌ಪುಟ್ ಮಾತ್ರ ಚಿಕ್ಕದಾಗಿ, ಬೇಗಬೇಗ ಜಿಗಿಯುತ್ತಿದ್ದರೆ ಡಿ ಸಿಗ್ನಲ್‌ನ ನಾಯ್ಸ್ ಹಿಡಿದು ಕುಣಿಸುತ್ತಿದೆ, ವಾಲ್ವ್ ಸ್ಟೆಮ್ ಮೇಲೆ ಕೈಯಿಟ್ಟರೆ ಅದುರುವುದು ಗೊತ್ತಾಗುತ್ತದೆ. ಫ್ಲೋ ಲೂಪ್‌ಗಳಲ್ಲಿ ಡಿ ಸಾಮಾನ್ಯವಾಗಿ ಆಫ್ ಇಡುವುದು ಇದಕ್ಕೇ. ಏನೂ ಮುಟ್ಟುವ ಮೊದಲು ಕಂಟ್ರೋಲರ್ ಅನ್ನು ಮ್ಯಾನುಯಲ್‌ಗೆ ಹಾಕಿ ನೋಡುವುದನ್ನೂ ಬರೆಯಿರಿ: ಏರಿಳಿತ ಆಗಲೂ ನಿಲ್ಲದಿದ್ದರೆ ಸ್ಟೀಮ್ ಒತ್ತಡದಂಥ ಹೊರಗಿನ ಕಾರಣ ಹುಡುಕಬೇಕು. ನಿಂತರೆ ಟ್ಯೂನಿಂಗ್ ಇರಬಹುದು, ಅಂಟಿಕೊಳ್ಳುವ ವಾಲ್ವ್ ಕೂಡ ಇರಬಹುದು.

ಅನುವಾದ ಸರಿಯಾಗಿದೆಯೇ ಎಂದು ಓದಿ ನೋಡಿ ತೀರ್ಮಾನಿಸಬೇಡಿ, ಬೆಂಚ್ ಮೇಲೆ ಪರೀಕ್ಷಿಸಿ. ಒಂದು ಬಿಡಿ ಕಂಟ್ರೋಲರ್, ಇನ್‌ಪುಟ್‌ಗೆ ಲೂಪ್ ಕ್ಯಾಲಿಬ್ರೇಟರ್, ಔಟ್‌ಪುಟ್‌ಗೆ ಮಿಲಿಆಂಪ್ ಮೀಟರ್ ಸಾಕು. 4ರಿಂದ 20 ಮಿಲಿಆಂಪ್‌ಗೆ 0ರಿಂದ 200 ಡಿಗ್ರಿ ಎಂದು ಇಟ್ಟರೆ 80 ಡಿಗ್ರಿಗೆ 10.40, 78 ಡಿಗ್ರಿಗೆ 10.24. ಕಂಟ್ರೋಲರ್ ಹೀಟಿಂಗ್‌ಗೆ ಹೊಂದಿಸಿರಲಿ, ಸೆಟ್ ಪಾಯಿಂಟ್ 80, Pb 5, ti 120 ಇರಲಿ, ಡಿ ಆಫ್ ಇರಲಿ. 10.40 ಕೊಟ್ಟು ಮ್ಯಾನುಯಲ್‌ನಲ್ಲಿ ಔಟ್‌ಪುಟ್ ಶೇ. 50, ಅಂದರೆ 12.0 ಮಿಲಿಆಂಪ್ ಇಟ್ಟು, ಆಟೊಗೆ ಹಾಕಿ. ಈಗ ಟೆಕ್ನಿಷಿಯನ್‌ಗೆ ಕೈಪಿಡಿಯ ಆ ಪುಟ ಕೊಟ್ಟು, ಇನ್‌ಪುಟ್ 10.24ಕ್ಕೆ ಇಳಿಸಿದರೆ ಮೀಟರ್ ಏನು ತೋರಿಸುತ್ತದೆ ಎಂದು ಮೊದಲು ಕಾಗದದ ಮೇಲೆ ಗೆರೆ ಎಳೆದು ತೋರಿಸಲು ಹೇಳಿ. ಅರ್ಥವಾದವನ ಗೆರೆ ಹೀಗಿರುತ್ತದೆ: ಒಮ್ಮೆಗೇ 15.2ಕ್ಕೆ ಜಿಗಿತ, ಅದು ಪಿ. ಅಲ್ಲಿಂದ ನೇರವಾದ ಏರು, 120 ಸೆಕೆಂಡಿಗೆ 18.4, ಅದು ಐ. 180 ಸೆಕೆಂಡಿಗೆ 20 ಮುಟ್ಟಿ ಅಲ್ಲೇ ನಿಲ್ಲುತ್ತದೆ, ವಾಲ್ವ್ ಇನ್ನು ತೆರೆಯಲಾರದು. ಆಮೇಲೆ ಇನ್‌ಪುಟ್ ಬದಲಿಸಿ ಮೀಟರ್‌ನಲ್ಲಿ ನೋಡಲಿ. ಇನ್‌ಪುಟ್ ಮತ್ತೆ 10.40ಕ್ಕೆ ತಂದಾಗ ಪಿ ಕೊಟ್ಟಿದ್ದ 3.2 ಮಿಲಿಆಂಪ್ ಕೂಡಲೇ ಬಿದ್ದುಹೋಗಿ ಸುಮಾರು 16.8 ಉಳಿಯಬೇಕು, ಅದು ಐ ಹಿಡಿದುಕೊಂಡದ್ದು. 20ರಿಂದ ಕದಲದೇ ನಿಂತರೆ ತುಂಬಿದ ಮೇಲೂ ಐ ಒಳಗೊಳಗೇ ಕೂಡಿಸುತ್ತಿತ್ತು ಎಂದರ್ಥ, ವೈಂಡ್‌ಅಪ್ ತಡೆಯುವ ಸೆಟ್ಟಿಂಗ್ ನೋಡಬೇಕು.

ಡಿ ಪರೀಕ್ಷೆಗೆ ಐ ಆಫ್ ಮಾಡಿ, td 30 ಇಟ್ಟು, ಕ್ಯಾಲಿಬ್ರೇಟರ್‌ನ ರ‍್ಯಾಂಪ್‌ನಲ್ಲಿ ಇನ್‌ಪುಟ್ಟನ್ನು ನಿಮಿಷಕ್ಕೆ 0.096 ಮಿಲಿಆಂಪ್‌ನಂತೆ ಇಳಿಸಿ, ಅದೇ ನಿಮಿಷಕ್ಕೆ 1.2 ಡಿಗ್ರಿ. ರ‍್ಯಾಂಪ್ ಶುರುವಾದೊಡನೆ ಔಟ್‌ಪುಟ್ ಶೇ. 6ರಷ್ಟು, ಸುಮಾರು 1 ಮಿಲಿಆಂಪ್ ಏರುತ್ತದೆ. ಒಳಗಿನ ಫಿಲ್ಟರ್‌ನಿಂದಾಗಿ ಅದು ಚೂರು ಮೆಲ್ಲಗೆ ಏರಿದರೆ ಗಾಬರಿಯಾಗಬೇಕಿಲ್ಲ. ರ‍್ಯಾಂಪ್ ನಿಲ್ಲಿಸಿದಾಗ ಅಷ್ಟೇ ಬಿದ್ದುಹೋಗುತ್ತದೆ, ಪಿ ಪಾಲು ಮಾತ್ರ ಉಳಿಯುತ್ತದೆ. ಇನ್‌ಪುಟ್ ಹಾಗೆಯೇ ಇಟ್ಟು ಸೆಟ್ ಪಾಯಿಂಟ್ ಮಾತ್ರ ಬದಲಿಸಿ ನೋಡಲಿ. ಡಿ ಪಿವಿಯನ್ನು ಮಾತ್ರ ನೋಡುವ ಕಂಟ್ರೋಲರ್ ಆದರೆ ಡಿಯಿಂದ ಏನೂ ಆಗುವುದಿಲ್ಲ, ಅಂತರವನ್ನೇ ನೋಡುವಂಥದ್ದಾದರೆ ಔಟ್‌ಪುಟ್ ಒಮ್ಮೆ ಜೋರಾಗಿ ಜಿಗಿದು ಇಳಿಯುತ್ತದೆ. ನಿಮ್ಮದು ಎರಡನೆಯ ಬಗೆಯದಾದರೆ, 'ಡಿ ಪಿವಿ ಚಲನೆಯನ್ನು ನೋಡುತ್ತದೆ' ಎಂದು ನಾನು ಮೇಲೆ ಕೊಟ್ಟ ವಾಕ್ಯವನ್ನು ನಿಮ್ಮ ಕೈಪಿಡಿಯಲ್ಲಿ 'ಅಂತರ ಬದಲಾಗುವ ವೇಗವನ್ನು ನೋಡುತ್ತದೆ' ಎಂದು ತಿದ್ದಿಕೊಳ್ಳಿ.

ಗೆರೆ ತಪ್ಪು ಎಳೆದವನ ಕಾಗದವನ್ನು ಎಸೆಯಬೇಡಿ. ಜಿಗಿತ ಬಿಟ್ಟು ಬರೀ ಏರು ಎಳೆದಿದ್ದರೆ ಪಿ ಬಗ್ಗೆ ಬರೆದ ಪ್ಯಾರಾ ತಿದ್ದಬೇಕು, ಇನ್‌ಪುಟ್ ಮರಳಿದಾಗ ಔಟ್‌ಪುಟ್ 12.0ಕ್ಕೇ ಇಳಿಸಿದ್ದರೆ ಐ ಬಗ್ಗೆ ಬರೆದ ಪ್ಯಾರಾ. ಬೇರೆ ಬೇರೆ ಪಾಳಿಯ ಇಬ್ಬರು, ನಿಮ್ಮನ್ನು ಏನೂ ಕೇಳದೆ, ಸರಿಯಾದ ಗೆರೆ ಎಳೆಯುವವರೆಗೂ ಆ ಪುಟವನ್ನು ಲ್ಯಾಮಿನೇಷನ್‌ಗೆ ಕೊಡಬೇಡಿ.